ಒಂದೇ ಹಾಳೆಯಲ್ಲಿ ಮೂರು ವರ್ಷ

ಮುಂಬಯಿಯ ಉಪನಗರವೊಂದರಲ್ಲಿರುವ ನಮ್ಮ ಕನ್ನಡ ಸಂಘಕ್ಕೆ ಸ್ವಂತ ಕಟ್ಟಡವಿದೆ. ಮೇಲೆ ಸಭಾಗೃಹ, ಕೆಳಗೆ ಗ್ರಂಥಾಲಯ, ಮೂಲೆಯಲ್ಲಿ ಒಂದು ಕಚೇರಿ. ಸಭಾಗೃಹ ಮದುವೆ, ಮುಂಜಿ, ನಾಮಕರಣಗಳಿಗೆ ಬಾಡಿಗೆಗೆ ಹೋಗುತ್ತದೆ. ಆ ಹಣದಿಂದಲೇ ಗ್ರಂಥಪಾಲಕಿಯ ಸಂಬಳ ನಡೆಯುತ್ತದೆ, ನಾಟಕೋತ್ಸವ ನಡೆಯುತ್ತದೆ, ರಾಜ್ಯೋತ್ಸವದ ಸ್ಮರಣ ಸಂಚಿಕೆ ಅಚ್ಚಾಗುತ್ತದೆ. ಹೊರನಾಡಿನ ಅನೇಕ ಸಂಘಗಳ ಬದುಕು ಹೀಗೆಯೇ: ಸಾಹಿತ್ಯವು ಮದುವೆಯ ಊಟದ ಪಂಕ್ತಿಯ ಆಶ್ರಯದಲ್ಲಿ ಬಾಳುತ್ತದೆ. ಈ ಸಂಗತಿಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೆ ಲೆಕ್ಕ ಬರೆಯುವವರು ಅದನ್ನು ಮರೆಯುವಂತಿಲ್ಲ.

ಲೆಕ್ಕ ಬರೆಯುವವರು ನಾವು ಮೂವರು. ಒಬ್ಬರು ಸಂಘದ ಕೋಶಾಧ್ಯಕ್ಷರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಮತ್ತೊಬ್ಬರು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವವರು. ಪ್ರತಿ ಮಾರ್ಚ್ ತಿಂಗಳಲ್ಲಿ ಆಡಳಿತ ಮಂಡಳಿಯ ಮುಂದೆ ಬರುವ ವರ್ಷದ ಆಯವ್ಯಯದ ಅಂದಾಜನ್ನು ಇಡುವುದು ನಮ್ಮ ಕೆಲಸ. ಈ ಸಲ ಮಂಡಳಿಯ ಮುಂದೆ ಎರಡು ಹೊಸ ಬೇಡಿಕೆಗಳಿದ್ದವು. ತಾರಸಿ ಸೋರುತ್ತಿತ್ತು. ಗ್ರಂಥಾಲಯದ ಹಿಂಗೋಡೆಯ ಕಪಾಟುಗಳವರೆಗೆ ತೇವ ಇಳಿದಿತ್ತು. ಮಳೆಗಾಲಕ್ಕೆ ಮುನ್ನ ವಾಟರ್‌ಪ್ರೂಫಿಂಗ್ ಮಾಡಿಸಲು 3,20,000 ರೂಪಾಯಿ ಬೇಕಿತ್ತು. ಜೊತೆಗೆ, ಭಾನುವಾರದ ಮಕ್ಕಳ ಕನ್ನಡ ತರಗತಿಗೆ ಸಂಭಾವನೆ ಕೊಟ್ಟು ಒಬ್ಬ ಶಿಕ್ಷಕಿಯನ್ನು ನೇಮಿಸಬೇಕೆಂಬ ಕೇಳಿಕೆ ಇತ್ತು. ತಿಂಗಳಿಗೆ 8,000 ರೂಪಾಯಿಯಂತೆ ಜೂನ್‌ನಿಂದ ಮಾರ್ಚ್‌ವರೆಗೆ 80,000. ಎರಡೂ ಸೇರಿದರೆ ನಾಲ್ಕು ಲಕ್ಷ. ಏಪ್ರಿಲ್ ಒಂದರಂದು ನಮ್ಮ ಬ್ಯಾಂಕ್ ಖಾತೆಯಲ್ಲಿ ಇರಲಿದ್ದ ಶಿಲ್ಕು ಆರೂವರೆ ಲಕ್ಷ. ಇದಲ್ಲದೆ 25 ಲಕ್ಷದ ಸ್ಥಿರ ಠೇವಣಿಯೊಂದಿದೆ. ಹಿಂದಿನವರು ಕೂಡಿಟ್ಟ ಆ ಮೂಲಧನವನ್ನು ಮುಟ್ಟಬಾರದೆಂಬುದು ಸಂಘದ ನಿಯಮ.

ಇಷ್ಟು ಮಾತ್ರವಾಗಿದ್ದರೆ ಎಂದಿನಂತೆ ಒಂದು ಸಾಲಿನ ಅಂಕಿಗಳನ್ನು ಬರೆದು ಸಭೆಯ ಮುಂದಿಡಬಹುದಿತ್ತು. ಆದರೆ ಈ ವರ್ಷದ ಆದಾಯ ನಮ್ಮ ಕೈಯಲ್ಲಿಲ್ಲದ ಒಂದು ಸಂಗತಿಯನ್ನು ಅವಲಂಬಿಸಿತ್ತು. ಸಂಘದ ಮುಂದಿನ ರಸ್ತೆಗೆ ಕಾಂಕ್ರೀಟು ಹಾಕುವ ಕೆಲಸ ಆರಂಭವಾಗಿತ್ತು. ಒಂದು ಬದಿ ಅಗೆದಿದ್ದರು, ಇನ್ನೊಂದು ಬದಿಯಲ್ಲಿ ಒಂದೇ ವಾಹನ ಹೋಗುವಷ್ಟು ಜಾಗ. ಮದುವೆ ಮನೆಯವರು ಸಭಾಗೃಹ ನೋಡಲು ಬಂದಾಗ ಮೊದಲು ಕೇಳುವುದು ಅಡುಗೆಯವರ ಟೆಂಪೋ ಬಾಗಿಲವರೆಗೆ ಬರುತ್ತದೆಯೇ ಎಂದು. ಬರುವುದಿಲ್ಲವೆಂದರೆ ಅವರು ಬೇರೆಡೆ ಹೋಗುತ್ತಾರೆ. ರಸ್ತೆ ಯಾವಾಗ ಮುಗಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಯಾರಲ್ಲೂ ಇರಲಿಲ್ಲ.

ಇಂಥ ಸಂದರ್ಭದಲ್ಲಿ ಒಂದೇ ಅಂಕಿಯನ್ನು ಕೊಟ್ಟರೆ ಎರಡು ಬಗೆಯ ತೊಂದರೆ. ಸಭೆಯು ಆ ಅಂಕಿಯನ್ನು ವಾಗ್ದಾನವೆಂದು ಭಾವಿಸುತ್ತದೆ; ಮತ್ತು ಚರ್ಚೆಯೆಲ್ಲ ಆ ಅಂಕಿ ಸರಿಯೇ ತಪ್ಪೇ ಎಂಬುದರ ಸುತ್ತ ಸುತ್ತುತ್ತದೆ. ಯಾರಿಗೂ ಗೊತ್ತಿಲ್ಲದ ವಿಷಯದ ಮೇಲೆ ಎರಡು ಗಂಟೆ ವಾದ ಮಾಡಿ, ಕೊನೆಗೆ ಹಿರಿಯರ ದನಿಗೆ ತಲೆಬಾಗಿ ಎದ್ದು ಬರುವುದು ಯಾವ ಸಂಘಕ್ಕೂ ಹೊಸದಲ್ಲ. ಆದ್ದರಿಂದ ಎಚ್ಚರಿಕೆಯ ಅಂದಾಜು, ನಿರೀಕ್ಷಿತ ಅಂದಾಜು, ಆಶಾವಾದದ ಅಂದಾಜು ಎಂದು ಮೂರನ್ನು ಒಂದೇ ಕೋಷ್ಟಕದಲ್ಲಿ ಇಡಲು ನಾವು ನಿರ್ಧರಿಸಿದೆವು. ಆಗ ಸಭೆ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ಯಾವ ಅಂಕಿ ನಿಜವಾಗುತ್ತದೆ ಎಂಬುದರ ಬದಲು, ಮೂರರಲ್ಲಿ ಯಾವುದು ಬಂದರೂ ನಾವು ಏನು ಮಾಡಬಲ್ಲೆವು ಎಂಬುದು ಚರ್ಚೆಗೆ ಬರುತ್ತದೆ.

ಮೂರು ಅಂದಾಜುಗಳನ್ನು ಮಾಡುವ ಸುಲಭದ ದಾರಿಯೊಂದಿದೆ. ನಡುವಿನ ಅಂದಾಜನ್ನು ಬರೆದು, ಎಲ್ಲ ಸಾಲುಗಳಿಂದ ನೂರಕ್ಕೆ ಇಪ್ಪತ್ತು ಕಳೆದರೆ ಎಚ್ಚರಿಕೆ, ಇಪ್ಪತ್ತು ಕೂಡಿಸಿದರೆ ಆಶಾವಾದ. ನೋಡಲು ಅದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕಾವಲುಗಾರರ ಸಂಬಳ ಇಪ್ಪತ್ತು ಪ್ರತಿಶತ ಇಳಿಯುವಂಥ ವರ್ಷ ಯಾವುದು? ಠೇವಣಿಯ ಬಡ್ಡಿ ರಸ್ತೆ ಮುಗಿದ ಮಾತ್ರಕ್ಕೆ ಏಕೆ ಏರಬೇಕು? ಹಾಗೆ ಮಾಡಿದ ಅಂದಾಜಿನ ಹಿಂದೆ ಯಾವ ವರ್ಷದ ಚಿತ್ರವೂ ಇರುವುದಿಲ್ಲ. ಯಾರಾದರೂ 'ಇದು ಏಕೆ ಹೀಗೆ' ಎಂದು ಕೇಳಿದರೆ ಉತ್ತರವಾಗಿ ಒಂದು ಗುಣಾಕಾರ ಮಾತ್ರ ಇರುತ್ತದೆ.

ನಾವು ಕಾರಣದಿಂದ ಹೊರಟೆವು. ರಸ್ತೆಯ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿದರೆ ಅದು ಆಶಾವಾದದ ವರ್ಷ. ಮಳೆಗೆ ನಿಂತು, ಅಕ್ಟೋಬರ್ ಹೊತ್ತಿಗೆ ಮುಗಿದರೆ ನಿರೀಕ್ಷಿತ ವರ್ಷ. ಜನವರಿಯವರೆಗೆ ಎಳೆದರೆ ಎಚ್ಚರಿಕೆಯ ವರ್ಷ. ಈ ಮೂರು ವಾಕ್ಯಗಳನ್ನು ಕೋಷ್ಟಕದ ತಲೆಯಲ್ಲಿಯೇ, ಅಂಕಿಗಳಿಗಿಂತ ಮೇಲೆ ಬರೆದೆವು. ಅನಂತರ ಹಿಂದಿನ ವರ್ಷಗಳ ಬುಕಿಂಗ್ ಪುಸ್ತಕವನ್ನು ತೆರೆದು, ಒಂದೊಂದು ಸ್ಥಿತಿಯಲ್ಲಿ ಯಾವ ತಿಂಗಳಲ್ಲಿ ಎಷ್ಟು ದಿನ ಸಭಾಗೃಹ ಹೋಗಬಹುದೆಂದು ಎಣಿಸಿದೆವು. ಎಚ್ಚರಿಕೆಗೆ 48 ದಿನ, ನಿರೀಕ್ಷೆಗೆ 60, ಆಶಾವಾದಕ್ಕೆ 72 ಎಂದು ಬಂತು. ಕಳೆದ ವರ್ಷ 62 ದಿನ ಹೋಗಿತ್ತು. ರಿಯಾಯಿತಿಗಳನ್ನು ಕಳೆದು ಸರಾಸರಿ ಬಾಡಿಗೆ ದಿನಕ್ಕೆ 14,000 ರೂಪಾಯಿ. ಅದನ್ನು ಮೂರರಲ್ಲಿಯೂ ಹಾಗೆಯೇ ಇಟ್ಟೆವು. ದಿನಗಳನ್ನೂ ದರವನ್ನೂ ಒಟ್ಟಿಗೆ ಬದಲಿಸಿದರೆ, ಯಾವುದರಿಂದ ಎಷ್ಟು ವ್ಯತ್ಯಾಸವಾಯಿತೆಂದು ಓದುವವರಿಗೆ ಗೊತ್ತಾಗುವುದಿಲ್ಲ.

ಎರಡನೆಯದಾಗಿ ಬದಲಾಗುವುದು ಸ್ಮರಣ ಸಂಚಿಕೆಯ ಜಾಹೀರಾತು. ಜಾಹೀರಾತು ಕೊಡುವವರಲ್ಲಿ ಹೆಚ್ಚಿನವರು ಅದೇ ರಸ್ತೆಯ ಹೋಟೆಲು, ಅಂಗಡಿಗಳ ನಮ್ಮ ಜನ. ರಸ್ತೆ ಅಗೆದಿರುವಾಗ ಅವರ ಗಲ್ಲಾಪೆಟ್ಟಿಗೆಯೂ ಬರಿದಾಗಿರುತ್ತದೆ. ಹೀಗೆ ಆ ಸಾಲೂ ಅದೇ ಕಾರಣಕ್ಕೆ ಏರಿಳಿಯುತ್ತದೆ. ಸದಸ್ಯತ್ವ ಶುಲ್ಕ, ಠೇವಣಿಯ ಬಡ್ಡಿ, ಸಂಬಳ, ಆಸ್ತಿ ತೆರಿಗೆ, ವಿಮೆ, ಕಾರ್ಯಕ್ರಮಗಳ ಖರ್ಚು ಇವೆಲ್ಲ ಮೂರು ಅಂಕಣಗಳಲ್ಲಿಯೂ ಒಂದೇ. ಬದಲಾಗದ್ದನ್ನು ಬದಲಾಯಿಸದೆ ಬಿಡುವುದು ಈ ಕೆಲಸದ ಅರ್ಧ ಪಾಲು. ಮೂರು ಅಂಕಣಗಳಲ್ಲಿ ಒಂದೇ ಅಂಕಿ ಇದ್ದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಬೇರೆ ಬೇರೆ ಇದ್ದಲ್ಲಿ ತಾನಾಗಿಯೇ ನಿಲ್ಲುತ್ತದೆ.

ಖರ್ಚಿನಲ್ಲಿ ಒಂದು ಸಾಲು ಮಾತ್ರ ಆದಾಯದ ಬೆನ್ನಿಗೆ ಬಿದ್ದು ಬರುತ್ತದೆ. ಸಭಾಗೃಹ ಬಾಡಿಗೆಗೆ ಹೋದ ಪ್ರತಿ ದಿನ ವಿದ್ಯುತ್ತು, ಶುಚಿಗೊಳಿಸುವಿಕೆ, ಜನರೇಟರಿನ ಡೀಸೆಲ್ ಎಂದು ಸುಮಾರು 2,500 ರೂಪಾಯಿ ಹೋಗುತ್ತದೆ. ಇದನ್ನು ಮೂರು ಅಂಕಣಗಳಲ್ಲಿಯೂ ಒಂದೇ ಎಂದು ಇಟ್ಟರೆ ಆಶಾವಾದದ ಅಂಕಣ ಇರುವುದಕ್ಕಿಂತ ಚೆನ್ನಾಗಿಯೂ, ಎಚ್ಚರಿಕೆಯ ಅಂಕಣ ಇರುವುದಕ್ಕಿಂತ ಕೆಟ್ಟದಾಗಿಯೂ ಕಾಣುತ್ತದೆ. ನಿಜವಾಗಿ ಒಂದು ದಿನದ ಬಾಡಿಗೆ ನಮಗೆ ಉಳಿಸುವುದು 14,000 ಅಲ್ಲ, 11,500.

ಸಭೆಗೆ ಹೋದ ಹಾಳೆ ಹೀಗಿತ್ತು. ಅಂಕಿಗಳು ಸಾವಿರ ರೂಪಾಯಿಗಳಲ್ಲಿವೆ.

| | ಕಳೆದ ವರ್ಷ (ವಾಸ್ತವ) | ಎಚ್ಚರಿಕೆ | ನಿರೀಕ್ಷೆ | ಆಶಾವಾದ |
|---|---|---|---|---|
| ರಸ್ತೆ ಮುಗಿಯುವುದು | – | ಜನವರಿ | ಅಕ್ಟೋಬರ್ | ಮಳೆಗೆ ಮೊದಲು |
| ಬಾಡಿಗೆಯ ದಿನಗಳು | 62 | 48 | 60 | 72 |
| ಸಭಾಗೃಹದ ಬಾಡಿಗೆ | 868 | 672 | 840 | 1,008 |
| ಜಾಹೀರಾತು | 210 | 140 | 200 | 260 |
| ಸದಸ್ಯತ್ವ ಶುಲ್ಕ, ಬಡ್ಡಿ | 390 | 370 | 370 | 370 |
| ಒಟ್ಟು ಆದಾಯ | 1,468 | 1,182 | 1,410 | 1,638 |
| ಸಂಬಳ, ತೆರಿಗೆ, ವಿಮೆ ಇತ್ಯಾದಿ | 720 | 760 | 760 | 760 |
| ಬಾಡಿಗೆ ದಿನದ ಖರ್ಚು | 155 | 120 | 150 | 180 |
| ಕಾರ್ಯಕ್ರಮ, ಸಂಚಿಕೆ | 420 | 400 | 400 | 400 |
| ಒಟ್ಟು ಖರ್ಚು | 1,295 | 1,280 | 1,310 | 1,340 |
| ಉಳಿಕೆ / ಕೊರತೆ | 173 | −98 | 100 | 298 |
| ತಾರಸಿ, ಶಿಕ್ಷಕಿ | – | 400 | 400 | 400 |
| ಮಾರ್ಚ್ ಕೊನೆಯ ಶಿಲ್ಕು | 650 | 152 | 350 | 548 |
| ವರ್ಷದ ಅತಿ ಕಡಿಮೆ ಶಿಲ್ಕು (ನವೆಂಬರ್) | 313 | 4.5 | 96.5 | 177 |
| ಇರಲೇಬೇಕಾದ ಶಿಲ್ಕು | 190 | 190 | 190 | 190 |

ಕಳೆದ ವರ್ಷದ ವಾಸ್ತವವನ್ನು ಮೊದಲ ಅಂಕಣದಲ್ಲಿ ಇಟ್ಟುದಕ್ಕೆ ಕಾರಣವಿದೆ. ಅದು ಇಲ್ಲದಿದ್ದರೆ ಮೂರು ಅಂದಾಜುಗಳು ಪರಸ್ಪರ ನೋಡಿಕೊಳ್ಳುತ್ತವೆಯೇ ಹೊರತು ನೆಲವನ್ನು ನೋಡುವುದಿಲ್ಲ. ನಿರೀಕ್ಷಿತ ಅಂದಾಜಿನ 60 ದಿನ ಕಳೆದ ವರ್ಷದ 62ಕ್ಕಿಂತ ಎರಡು ಕಡಿಮೆ ಎಂಬುದು ಕಣ್ಣಿಗೆ ಬಿದ್ದೊಡನೆ, ಇದು ಗಾಳಿಯಲ್ಲಿ ಕಟ್ಟಿದ್ದಲ್ಲ ಎಂದು ಓದುವವರಿಗೆ ಮನದಟ್ಟಾಗುತ್ತದೆ. ಹಾಗೆಯೇ 72 ದಿನ ಎಂಬುದು ನಾವು ಕಳೆದ ವರ್ಷ ಮುಟ್ಟಿದ್ದಲ್ಲ ಎಂಬುದೂ ಗೊತ್ತಾಗುತ್ತದೆ.

ಇನ್ನು ಕೊನೆಯ ಎರಡು ಸಾಲುಗಳ ವಿಷಯ. ಈ ಕೋಷ್ಟಕದ ಜೀವ ಇರುವುದು ಅಲ್ಲಿ. ಇರಲೇಬೇಕಾದ ಶಿಲ್ಕು ಎಂದರೆ ಮೂರು ತಿಂಗಳ ಸಂಬಳ ಹಾಗೂ ತೆರಿಗೆ ಮುಂತಾದ ತಪ್ಪಿಸಲಾಗದ ಖರ್ಚು. ವರ್ಷಕ್ಕೆ 7,60,000 ಇರುವುದರ ಕಾಲುಭಾಗ, 1,90,000. ಮಾರ್ಚ್ ಕೊನೆಯ ಶಿಲ್ಕನ್ನು ಮಾತ್ರ ನೋಡಿದರೆ ಚಿತ್ರ ಸುಲಭವಾಗಿತ್ತು: ಎಚ್ಚರಿಕೆಯ ವರ್ಷದಲ್ಲಿ 38,000 ಕಡಿಮೆ ಬೀಳುತ್ತದೆ, ಉಳಿದ ಎರಡರಲ್ಲಿ ತೊಂದರೆಯಿಲ್ಲ. ಹಾಗೆ ನೋಡಿ ಮೂರರಲ್ಲಿ ಎರಡು ಸರಿಯಿವೆ ಎಂದು ಸಭೆ ಒಪ್ಪಿಗೆ ಕೊಡಬಹುದಿತ್ತು.

ಆದರೆ ಸಂಘದ ಹಣ ವರ್ಷವಿಡೀ ಒಂದೇ ಸಮನೆ ಹರಿದು ಬರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಮದುವೆಗಳು ಇರುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಆಷಾಢವೂ ಮಳೆಯೂ ಸೇರಿ ಸಭಾಗೃಹ ಹೆಚ್ಚಾಗಿ ಖಾಲಿ. ಮತ್ತೆ ನವೆಂಬರ್ ಕಳೆದ ಮೇಲೆ ತುಂಬುತ್ತದೆ. ಖರ್ಚಾದರೋ ಇದಕ್ಕೆ ತದ್ವಿರುದ್ಧ. ತಾರಸಿಯ ಕೆಲಸ ಮೇ ತಿಂಗಳಿನಲ್ಲೇ ಆಗಬೇಕು. ರಾಜ್ಯೋತ್ಸವದ ಖರ್ಚು, ಸ್ಮರಣ ಸಂಚಿಕೆಯ ಮುದ್ರಣ ಇವೆಲ್ಲ ನವೆಂಬರಿನಲ್ಲಿ ಒಟ್ಟಿಗೆ ಬರುತ್ತವೆ. ಆ ಒಂದು ತಿಂಗಳಲ್ಲಿ ಕಾರ್ಯಕ್ರಮಗಳಿಗೆ 1,80,000 ಹೋಗುತ್ತದೆ. ಜಾಹೀರಾತಿನ ಹಣ ಮಾತ್ರ ಸಂಚಿಕೆ ಕೈಗೆ ಬಂದ ಮೇಲೆ, ಡಿಸೆಂಬರಿನಲ್ಲಿ. ಆದ್ದರಿಂದ ನಾವು ಪ್ರತಿ ಅಂಕಣಕ್ಕೂ ಹನ್ನೆರಡು ತಿಂಗಳ ಲೆಕ್ಕವನ್ನು ಬೇರೊಂದು ಹಾಳೆಯಲ್ಲಿ ಮಾಡಿದೆವು. ಅದನ್ನು ಸಭೆಗೆ ಒಯ್ಯಲಿಲ್ಲ. ತಿಂಗಳ ಕೊನೆಯ ಶಿಲ್ಕುಗಳಲ್ಲಿ ಅತಿ ಕಡಿಮೆಯಾದುದನ್ನು `=MIN(C4:C15)` ಎಂಬಂಥ ಒಂದು ಸೂತ್ರದಿಂದ ಹೆಕ್ಕಿ, ಒಂದು ಸಾಲಾಗಿ ಮುಖ್ಯ ಕೋಷ್ಟಕಕ್ಕೆ ತಂದೆವು.

ಆ ಸಾಲು ಎಲ್ಲವನ್ನೂ ತಿರುವಿಹಾಕಿತು. ನಿರೀಕ್ಷಿತ ವರ್ಷದಲ್ಲಿಯೂ ನವೆಂಬರ್ ಕೊನೆಗೆ ಖಾತೆಯಲ್ಲಿ ಉಳಿಯುವುದು 96,500. ಎಚ್ಚರಿಕೆಯ ವರ್ಷದಲ್ಲಿ ಉಳಿಯುವುದು ಕೇವಲ 4,500, ಎಂದರೆ ಕಾವಲುಗಾರರ ಸಂಬಳಕ್ಕೂ ಸಾಲದಷ್ಟು. ರಸ್ತೆ ಮಳೆಗೆ ಮೊದಲೇ ಮುಗಿದು, 72 ದಿನ ಸಭಾಗೃಹ ಹೋಗುವ ಆಶಾವಾದದ ವರ್ಷದಲ್ಲಿ ಕೂಡ 1,77,000. ಅದೂ ಇರಲೇಬೇಕಾದುದಕ್ಕಿಂತ ಕಡಿಮೆ. ಇಲ್ಲಿ ನಮ್ಮ ಸಮಸ್ಯೆ ಯಾವ ಅಂಕಣ ನಿಜವಾಗುತ್ತದೆ ಎಂಬುದರಲ್ಲಿ ಇರಲಿಲ್ಲ. ಹಣ ಬರುವ ತಿಂಗಳಿಗೂ ಹೋಗುವ ತಿಂಗಳಿಗೂ ನಡುವೆ ಇದ್ದ ಅಂತರ ಮೂರು ಅಂಕಣಗಳಿಗೂ ಸಮಾನವಾಗಿತ್ತು. ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದರಿಂದಲೇ ಇದು ಸ್ಪಷ್ಟವಾಯಿತು. ಒಂದೇ ಅಂಕಣದಲ್ಲಿ ಕೊರತೆ ಕಂಡರೆ ದುರದೃಷ್ಟವೆನ್ನಬಹುದು. ಮೂರರಲ್ಲಿಯೂ ಕಂಡರೆ ಅದು ಯೋಜನೆಯ ಗುಣ.

ಇನ್ನೊಂದು ವಿವರ ಹೇಳಬೇಕು. ಸಭಾಗೃಹ ಕಾದಿರಿಸುವವರು ಕೊಡುವ ಮುಂಗಡವನ್ನು ನಾವು ಈ ಶಿಲ್ಕಿನಲ್ಲಿ ಸೇರಿಸಲಿಲ್ಲ. ಸಮಾರಂಭ ರದ್ದಾದರೆ ಅದನ್ನು ಹಿಂದಿರುಗಿಸಬೇಕು. ಸಮಾರಂಭ ನಡೆದ ದಿನವೇ ಅದು ನಮ್ಮದಾಗುವುದು. ರಸ್ತೆಯ ಕಾರಣದಿಂದ ರದ್ದುಗಳು ಹೆಚ್ಚಾಗಬಹುದಾದ ವರ್ಷದಲ್ಲಿ ಬೇರೆಯವರ ಹಣವನ್ನು ನಮ್ಮದೆಂದು ಎಣಿಸಿದರೆ ಎಚ್ಚರಿಕೆಯ ಅಂಕಣಕ್ಕೆ ಅರ್ಥವೇ ಉಳಿಯುವುದಿಲ್ಲ.

ಸಭೆಯಲ್ಲಿ ಹದಿಮೂರು ಜನ ಇದ್ದರು. ಹಾಳೆಯನ್ನು ಎರಡು ದಿನ ಮೊದಲೇ ಕಳುಹಿಸಿದ್ದೆವು. ಓದಿದ ಮೇಲೆ ಅಧ್ಯಕ್ಷರು ಹೇಳಿದರು: "ಮೂರು ಕೊಟ್ಟಿದ್ದೀರಿ, ಒಳ್ಳೆಯದು. ನಡುವಿನದನ್ನು ಹಿಡಿದುಕೊಂಡು ಮುಂದೆ ಹೋಗೋಣ." ಮೂರು ಅಂಕಿಗಳನ್ನು ಕೊಟ್ಟ ಎಲ್ಲರಿಗೂ ಎದುರಾಗುವ ಮಾತು ಇದು. ನಡುವೆ ಇರುವುದು ಸುರಕ್ಷಿತ ಎಂದು ಮನಸ್ಸು ತಾನಾಗಿಯೇ ನಂಬುತ್ತದೆ. ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಉತ್ತರವಾಗಿ ಕೊನೆಯ ಎರಡು ಸಾಲುಗಳ ಮೇಲೆ ಬೆರಳಿಟ್ಟು, "ಅಧ್ಯಕ್ಷರೇ, ನಡುವಿನದನ್ನು ಹಿಡಿದರೂ ನವೆಂಬರಿನಲ್ಲಿ ಗ್ರಂಥಪಾಲಕಿಗೆ ಸಂಬಳ ಕೊಡುವ ಮುಂಚೆ ಯೋಚಿಸಬೇಕಾಗುತ್ತದೆ" ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು.

ಇನ್ನೊಬ್ಬರು ಮೂರರ ಸರಾಸರಿಯನ್ನು ತೆಗೆಯಬಹುದಲ್ಲ ಎಂದು ಕೇಳಿದರು. ಅದಕ್ಕೆ ನಾವು ಹೇಳಿದ್ದು ಇಷ್ಟು: ರಸ್ತೆ ಒಂದೋ ಜನವರಿಗೆ ಮುಗಿಯುತ್ತದೆ, ಇಲ್ಲವೇ ಅಕ್ಟೋಬರಿಗೆ, ಇಲ್ಲವೇ ಮಳೆಗೆ ಮೊದಲು. ಮೂರರ ಸರಾಸರಿಯಲ್ಲಿ ಮುಗಿಯುವ ರಸ್ತೆಯೆಂಬುದಿಲ್ಲ. ಸರಾಸರಿ ತೆಗೆದರೆ ಸಿಗುವುದು ಮತ್ತೆ ಆ ಒಂಟಿ ಅಂಕಿ; ಮೂರನ್ನು ಬರೆದ ಶ್ರಮವೇ ವ್ಯರ್ಥ. ಅಲ್ಲದೆ ಸರಾಸರಿ ತೆಗೆಯುವುದೆಂದರೆ ಮೂರಕ್ಕೂ ಸಮಾನ ಸಾಧ್ಯತೆಯಿದೆ ಎಂದು ಹೇಳಿದಂತೆ. ಹಾಗೆ ಹೇಳಲು ನಮ್ಮಲ್ಲಿ ಯಾವ ಆಧಾರವೂ ಇರಲಿಲ್ಲ.

ಸಭೆಯ ಅತ್ಯಂತ ಮುಖ್ಯವಾದ ಪ್ರಶ್ನೆಯನ್ನು ಕೇಳಿದವರು ಇಬ್ಬರು ಮಕ್ಕಳ ತಾಯಿಯಾದ ಸದಸ್ಯೆಯೊಬ್ಬರು. ಅವರು ಲೆಕ್ಕದ ಮಾತು ಆಡಲಿಲ್ಲ. "ಸರ್, 72 ದಿನ ಬಾಡಿಗೆಗೆ ಹೋದರೆ ಅದರಲ್ಲಿ ಭಾನುವಾರ ಎಷ್ಟು? ನಮ್ಮ ಮಕ್ಕಳ ತರಗತಿ ಆಗ ಎಲ್ಲಿ ನಡೆಯಬೇಕು?" ಎಂದರು. ನಮ್ಮ ತಿಂಗಳ ಹಾಳೆಯಲ್ಲಿ ಉತ್ತರ ಇತ್ತು. ಮದುವೆ ಮನೆಯವರಿಗೂ ಭಾನುವಾರವೇ ಬೇಕು. ಆಶಾವಾದದ ವರ್ಷದ 72 ದಿನಗಳಲ್ಲಿ 38 ಭಾನುವಾರಗಳಿದ್ದವು. ವರ್ಷದ 52ರಲ್ಲಿ ತರಗತಿಗೆ ಉಳಿಯುವುದು 14. ಶಿಕ್ಷಕಿಗೆ ಸಂಭಾವನೆ ಕೊಡಲು ಹಣ ಧಾರಾಳವಾಗಿ ಇರುವ ವರ್ಷದಲ್ಲಿ, ಪಾಠ ಹೇಳಲು ಜಾಗ ಇರುವುದಿಲ್ಲ.

ಆ ಪ್ರಶ್ನೆ ಬಂದಾಗ ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಆಶಾವಾದದ ಅಂಕಣವನ್ನು ಎಲ್ಲರೂ ಒಳ್ಳೆಯ ವರ್ಷವೆಂದು ಓದಿದ್ದರು. ಹಣದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಈ ಕಟ್ಟಡವನ್ನು ಕಟ್ಟಿದ ಉದ್ದೇಶದ ದೃಷ್ಟಿಯಿಂದ ಅದು ಮೂರರಲ್ಲಿಯೂ ಇಕ್ಕಟ್ಟಿನ ವರ್ಷ. ಮೂರು ಅಂಕಣಗಳೆಂದರೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಒಂದೇ ವರ್ಷದ ಮೂರು ಅಳತೆಗಳಲ್ಲ; ಅವು ಮೂರು ಬೇರೆ ಬೇರೆ ವರ್ಷಗಳು, ಒಂದೊಂದಕ್ಕೂ ಅದರದೇ ಕಷ್ಟವಿದೆ. ಆ ಸಂಜೆಯ ಮೊದಲ ತೀರ್ಮಾನ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ: ಬಾಡಿಗೆ ಇರಲಿ ಬಿಡಲಿ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಗ್ರಂಥಾಲಯದ ಓದುವ ಕೋಣೆ ಮಕ್ಕಳ ತರಗತಿಗೆ ಮೀಸಲು. ಶಿಕ್ಷಕಿಯ ನೇಮಕ ಮೂರು ಸ್ಥಿತಿಗಳಲ್ಲಿಯೂ ನಡೆಯಬೇಕು.

ಆ ತೀರ್ಮಾನದಿಂದ ತಾರಸಿಯ ಕೆಲಸಕ್ಕೂ ದಾರಿ ಕಂಡಿತು. ಓದುವ ಕೋಣೆಯಲ್ಲಿ ಮಕ್ಕಳು ಕೂರಬೇಕಾದರೆ ಗ್ರಂಥಾಲಯದ ಕಡೆಯ ಸೋರಿಕೆ ಈ ಮಳೆಗಾಲಕ್ಕೆ ಮೊದಲು ನಿಲ್ಲಲೇಬೇಕು. ಸಭಾಗೃಹದ ವೇದಿಕೆಯ ಮೇಲಿನ ಭಾಗ ಒಂದು ವರ್ಷ ಕಾಯಬಲ್ಲುದು. ಗುತ್ತಿಗೆದಾರರು ಕೆಲಸವನ್ನು ಎರಡು ಭಾಗ ಮಾಡಲು ಒಪ್ಪಿದರು: ಗ್ರಂಥಾಲಯದ ಕಡೆಗೆ 1,80,000, ಉಳಿದುದಕ್ಕೆ 1,40,000. ತಾರಸಿಯ ಇಳಿಜಾರು ನಡುವಿನಿಂದ ಎರಡೂ ಕಡೆಗೆ ಇದ್ದುದರಿಂದ ಹೀಗೆ ಒಡೆಯುವುದು ಸಾಧ್ಯವಾಯಿತು. ನೀರು ಒಂದೇ ಕಡೆಗೆ ಹರಿಯುವ ತಾರಸಿಯಾಗಿದ್ದರೆ ಅರ್ಧ ಮಾಡಿಸಿದ ಕೆಲಸ ಇನ್ನರ್ಧದ ನೀರಿಗೆ ಬಲಿಯಾಗುತ್ತಿತ್ತು.

ಎರಡನೆಯ ಭಾಗವನ್ನು ಮುಂದೂಡಿದರೆ ನವೆಂಬರ್ ಕೊನೆಯ ಶಿಲ್ಕು ಮೂರು ಅಂಕಣಗಳಲ್ಲಿಯೂ 1,40,000 ಏರುತ್ತದೆ. ನಿರೀಕ್ಷಿತ ವರ್ಷ 2,36,500ಕ್ಕೆ ಬಂದು ಗೆರೆ ದಾಟಿತು. ಎಚ್ಚರಿಕೆಯ ವರ್ಷ 1,44,500ಕ್ಕೆ ಬಂದು ಗೆರೆಯ ಕೆಳಗೇ ನಿಂತಿತು. ಆಗ ಸ್ಮರಣ ಸಂಚಿಕೆಯ ಸಂಪಾದಕರು ತಾವಾಗಿಯೇ ಮುಂದೆ ಬಂದರು. ಜಾಹೀರಾತು ಒಪ್ಪಿಕೊಳ್ಳುವಾಗಲೇ ಅರ್ಧ ಹಣವನ್ನು ಅಕ್ಟೋಬರ್ ಒಳಗೆ ಪಡೆದರಾಗದೇ ಎಂದು ಅವರೇ ಕೇಳಿದರು. ಎಚ್ಚರಿಕೆಯ ವರ್ಷದ 1,40,000ದಲ್ಲಿ ಅರ್ಧ 70,000. ಅದನ್ನು ಕೂಡಿಸಿದರೆ 2,14,500. ಮೂರು ಅಂಕಣಗಳೂ ಗೆರೆಯ ಮೇಲೆ ಬಂದವು. ವರ್ಷದ ಒಟ್ಟು ಆದಾಯ ಒಂದು ರೂಪಾಯಿಯೂ ಹೆಚ್ಚಲಿಲ್ಲ. ತಿಂಗಳುಗಳು ಮಾತ್ರ ಸರಿದವು.

ಇನ್ನು ಉಳಿದದ್ದು ತಾರಸಿಯ ಎರಡನೆಯ ಭಾಗವನ್ನು ಮುಂದಿನ ಮಾರ್ಚ್ ತಿಂಗಳಲ್ಲಿ ಮಾಡಿಸಬೇಕೇ ಬೇಡವೇ ಎಂಬುದು. ಅದನ್ನು ಅಂದೇ ನಿರ್ಧರಿಸುವ ಅಗತ್ಯವಿರಲಿಲ್ಲ, ಆದರೆ ಯಾವಾಗ ಮತ್ತು ಯಾವುದನ್ನು ನೋಡಿ ನಿರ್ಧರಿಸಬೇಕೆಂಬುದನ್ನು ಅಂದೇ ಬರೆದಿಡಬೇಕಿತ್ತು. ಮೂರು ಅಂಕಣಗಳ ಕೋಷ್ಟಕಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಸಭೆ ಮುಗಿದ ಮೇಲೆ ಹಾಳೆ ಕಡತ ಸೇರುತ್ತದೆ, ನಾವು ಈಗ ಯಾವ ಅಂಕಣದಲ್ಲಿ ಬದುಕುತ್ತಿದ್ದೇವೆ ಎಂದು ವರ್ಷದ ನಡುವೆ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಖರ್ಚು ಮಾತ್ರ ಆಶಾವಾದದ ಅಂಕಣದ ಪ್ರಕಾರ ನಡೆದುಹೋಗಿರುತ್ತದೆ.

ಬುಕಿಂಗ್ ಪುಸ್ತಕದ ಪ್ರಕಾರ, ನವೆಂಬರಿನಿಂದ ಮಾರ್ಚ್‌ವರೆಗಿನ ದಿನಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅಕ್ಟೋಬರ್ ಕೊನೆಯೊಳಗೆ ಮುಂಗಡ ಬಂದಿರುತ್ತದೆ. ನಿರೀಕ್ಷಿತ ವರ್ಷದಲ್ಲಿ ಆ ಐದು ತಿಂಗಳಿಗೆ 32 ದಿನಗಳು. ಮುಕ್ಕಾಲು ಎಂದರೆ 24. ಎಚ್ಚರಿಕೆಯ ವರ್ಷದಲ್ಲಿ 25 ದಿನಗಳು. ಮುಕ್ಕಾಲು ಎಂದರೆ ಸುಮಾರು 19. ನಡುವೆ ಒಂದು ಗೆರೆ ಬೇಕಿತ್ತು. 22 ಎಂದು ಇಟ್ಟೆವು. ಅಕ್ಟೋಬರ್ 31ರಂದು ಮುಂಗಡ ಬಂದ ದಿನಗಳು 22 ಅಥವಾ ಹೆಚ್ಚು ಇದ್ದರೆ ಎರಡನೆಯ ಭಾಗ ಮಾರ್ಚ್‌ನಲ್ಲಿ. ಕಡಿಮೆಯಾದರೆ ಮುಂದಿನ ವರ್ಷದ ಆಯವ್ಯಯಕ್ಕೆ. ಈ ವಾಕ್ಯವನ್ನು ಕೋಷ್ಟಕದ ಅಡಿಯಲ್ಲಿ ಬರೆದು, ಸಭೆಯ ನಡಾವಳಿಯಲ್ಲಿಯೂ ಸೇರಿಸಿದೆವು. ಮುಂಗಡದ ಹಣವನ್ನು ಶಿಲ್ಕಿನಲ್ಲಿ ಸೇರಿಸದೆ ಇದ್ದೆವಷ್ಟೆ. ಆದರೆ ಅದು ಹೇಳುವ ಸುದ್ದಿಯನ್ನು ಬಿಡಲಿಲ್ಲ.

ರಸ್ತೆಯನ್ನೇ ಗುರುತಾಗಿ ಇಡಬಹುದಿತ್ತಲ್ಲ ಎಂದು ಕೇಳಬಹುದು. ರಸ್ತೆ ಮುಗಿಯಿತೇ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಒಂದು ಬದಿ ಮುಗಿದಿದೆ, ಚರಂಡಿಯ ಮುಚ್ಚಳ ಬಾಕಿಯಿದೆ, ಟೆಂಪೋ ಬರುತ್ತದೆ ಆದರೆ ಬಸ್ಸು ಬರುವುದಿಲ್ಲ. ಮುಂಗಡದ ರಸೀದಿಗಳನ್ನು ಎಣಿಸಿದರೆ ಯಾರು ಎಣಿಸಿದರೂ ಒಂದೇ ಉತ್ತರ. ಗುರುತು ಎಂಬುದು ವಾದಕ್ಕೆ ಎಡೆಗೊಡದಂತೆ ಇರಬೇಕು.

ಅಕ್ಟೋಬರ್ 31ರಂದು ಕಚೇರಿಯಲ್ಲಿ ಕುಳಿತು ರಸೀದಿ ಪುಸ್ತಕವನ್ನು ಎಣಿಸಿದೆವು. ಇಪ್ಪತ್ತೊಂದು. ಮರುದಿನ ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಬಂದವರಲ್ಲಿ ಕೆಲವರು, ಒಂದೇ ಒಂದು ತಾನೇ ಕಡಿಮೆ, ಈ ವಾರದಲ್ಲಿ ಯಾರಾದರೂ ಬಂದೇ ಬರುತ್ತಾರೆ ಎಂದರು. ವೇದಿಕೆಯ ಮೇಲೆ ಸೋರಿದ ಕಲೆಯನ್ನು ತೋರಿಸಿದರು. ಅವರ ಮಾತಿನಲ್ಲಿ ತಥ್ಯವಿಲ್ಲದಿರಲಿಲ್ಲ. ಆದರೆ ಅಧ್ಯಕ್ಷರು ನಡಾವಳಿಯ ಪುಸ್ತಕ ತರಿಸಿ, ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಮಾರ್ಚ್‌ನಲ್ಲಿ ಮಾಡಿಸದಿದ್ದರೆ ಏಪ್ರಿಲ್ ಮೇ ತಿಂಗಳುಗಳು ಇದ್ದೇ ಇವೆ, ಮುಂದಿನ ಮಳೆಗೆ ಮೊದಲು ಮಾಡಿಸಬಹುದು ಎಂದರು. ನಿಯಮವನ್ನು ಪಾಲಿಸುವುದರಿಂದ ಆಗುವ ನಷ್ಟ ಎರಡು ತಿಂಗಳ ವಿಳಂಬ ಮಾತ್ರವಾಗಿತ್ತು. ಅದು ಸಹಿಸಬಹುದಾದ ನಷ್ಟ ಎಂದೇ ಅಂಥ ನಿಯಮವನ್ನು ಮಾಡಿದ್ದೆವು.

ನವೆಂಬರ್ ಕೊನೆಯಲ್ಲಿ ಖಾತೆಯ ಶಿಲ್ಕು 2,31,000 ಇತ್ತು. ಬಾಡಿಗೆಯ ದಿನಗಳು ಎಚ್ಚರಿಕೆಯ ಅಂದಾಜಿಗಿಂತ ಮೂರು ಹೆಚ್ಚು, ಜಾಹೀರಾತಿನ ಮುಂಗಡ ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ. ಮೂರು ಅಂಕಣಗಳಲ್ಲಿ ಯಾವುದೂ ಹಾಗೆಹಾಗೆಯೇ ನಿಜವಾಗಲಿಲ್ಲ. ವರ್ಷವು ಎಚ್ಚರಿಕೆಗೂ ನಿರೀಕ್ಷೆಗೂ ನಡುವೆ, ಎಚ್ಚರಿಕೆಯ ಮಗ್ಗುಲಿಗೆ ವಾಲಿಕೊಂಡು ನಡೆಯುತ್ತಿದೆ. ಸಂಬಳಗಳು ತಪ್ಪದೆ ಹೋಗಿವೆ. ಗ್ರಂಥಾಲಯದ ಹಿಂಗೋಡೆ ಈ ಮಳೆಗಾಲದಲ್ಲಿ ಒಣಗಿಯೇ ಇತ್ತು. ಭಾನುವಾರ ಮೇಲೆ ಮದುವೆಯ ವಾದ್ಯ ಮೊಳಗುತ್ತಿರುವಾಗ ಕೆಳಗೆ ಓದುವ ಕೋಣೆಯಲ್ಲಿ ಹದಿನೇಳು ಮಕ್ಕಳು ಒತ್ತಕ್ಷರ ಬರೆಯುತ್ತಾರೆ. ಶಿಕ್ಷಕಿ ಸ್ವಲ್ಪ ದನಿಯೆತ್ತಿ ಪಾಠ ಹೇಳಬೇಕಾಗುತ್ತದೆ, ಅಷ್ಟೆ.